ಹೊರಟದ್ದು ಮುಟ್ಟಿತೇ?

ಬೆಟಗೇರಿಯ ನೇಕಾರರ ಓಣಿಯಲ್ಲಿ ವಿದ್ಯುತ್ ಮಗ್ಗದ ಸದ್ದು ಕೇಳುತ್ತ ಬೆಳೆದವರಿಗೆ ಇನ್ನೊಂದು ಸದ್ದೂ ಗೊತ್ತಿರುತ್ತದೆ. ಒಂದೇ ಲಯದಲ್ಲಿ ಬಡಿಯುತ್ತಿದ್ದ ಮಗ್ಗ ಇದ್ದಕ್ಕಿದ್ದಂತೆ ಧಡ್ ಎಂದು ಗುದ್ದಿ ನಿಲ್ಲುವ ಸದ್ದು. ಹೊಸಬರು ಮಗ್ಗ ಮುರಿಯಿತು ಎಂದು ಬೆಚ್ಚುತ್ತಾರೆ. ನೇಕಾರ ಬೆಚ್ಚುವುದಿಲ್ಲ. ಲಾಳಿ ಎದುರಿನ ಪೆಟ್ಟಿಗೆ ಸೇರಲಿಲ್ಲ ಎಂದು ಅವನಿಗೆ ಆ ಸದ್ದೇ ಹೇಳಿರುತ್ತದೆ.

ಲಾಳಿ ಪೆಟ್ಟಿಗೆಯೊಳಗೆ ಬಂದು ಕೂತಾಗ ಅಲ್ಲಿನ ಒಂದು ಪಟ್ಟಿಯನ್ನು ಒತ್ತುತ್ತದೆ. ಆ ಪಟ್ಟಿ ಕೆಳಗಿನ ಸರಳನ್ನು ತಿರುಗಿಸಿ, ಅದರ ತುದಿಯ ಕಬ್ಬಿಣದ ನಾಲಿಗೆಯನ್ನು ಮೇಲೆತ್ತಿ ಹಿಡಿಯುತ್ತದೆ. ನಾಲಿಗೆ ಎತ್ತಿದ್ದರೆ ಹಣಿಗೆ ಮುಂದೆ ಬಂದು ಹೊಕ್ಕಿನ ಎಳೆಯನ್ನು ಬಡಿಯಬಹುದು. ಲಾಳಿ ನಡುದಾರಿಯಲ್ಲೇ ಉಳಿದರೆ ನಾಲಿಗೆ ಏಳುವುದಿಲ್ಲ, ಚೌಕಟ್ಟಿನ ತಡೆಗೆ ಗುದ್ದಿ ಮಗ್ಗವನ್ನು ಅಲ್ಲೇ ನಿಲ್ಲಿಸುತ್ತದೆ. ಈ ಏರ್ಪಾಡು ಇಲ್ಲದಿದ್ದರೆ ಹಾಸಿನ ನಡುವೆ ಸಿಕ್ಕ ಲಾಳಿಯ ಮೇಲೇ ಹಣಿಗೆ ಬಂದು ಬಡಿದು ನೂರಾರು ಎಳೆ ಕಿತ್ತುಹೋಗುತ್ತಿದ್ದವು. ಲಾಳಿಯನ್ನು ಎಸೆದಿದ್ದೇನೆ ಎಂಬುದನ್ನು ಮಗ್ಗ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ಮುಟ್ಟಿತೇ ಎಂದು, ಮುಟ್ಟಬೇಕಾದ ಹೊತ್ತಿಗೆ, ಪ್ರತಿ ಎಳೆಗೂ ಕೇಳುತ್ತದೆ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆ ಪ್ಯಾಕಿಂಗ್ ಘಟಕಗಳ ಯಂತ್ರ ರಿಪೇರಿಗೆ ಓಡಾಡುವ ನನಗೆ ಈ ಮಗ್ಗ ಮತ್ತೆ ಮತ್ತೆ ನೆನಪಾಗುತ್ತದೆ. ಖಾರದ ಪುಡಿಯ ಡಬ್ಬಿಯನ್ನು ಎತ್ತಿ ರಟ್ಟಿನ ಪೆಟ್ಟಿಗೆಗೆ ಇಡುವ ಗಾಳಿಯ ಯಂತ್ರಗಳು ಈಗ ಸಣ್ಣ ಊರುಗಳಿಗೂ ಬಂದಿವೆ. ಅವುಗಳಲ್ಲಿ ನಾನು ಕಂಡ ಹೆಚ್ಚಿನ ತೊಂದರೆಗಳಿಗೆ ಮೂಲ ಒಂದೇ. ಯಂತ್ರಕ್ಕೆ ‘ಹೋಗು’ ಎಂದು ಹೇಳಲು ಕಲಿಸಿರುತ್ತಾರೆ, ‘ಮುಟ್ಟಿದೆಯಾ’ ಎಂದು ಕೇಳಲು ಕಲಿಸಿರುವುದಿಲ್ಲ.

ಮೂರು ಸಿಲಿಂಡರ್, ಎಂಟು ಹೆಜ್ಜೆ

ನಾನು ಹೇಳಲಿರುವುದು ಲಕ್ಷ್ಮೇಶ್ವರದ ಹತ್ತಿರದ ಒಂದು ಸಣ್ಣ ಘಟಕದ ಯಂತ್ರದ ಕಥೆ. ಅದರಲ್ಲಿ ಮೂರು ಗಾಳಿ ಸಿಲಿಂಡರ್‌ಗಳು. ಮೊದಲನೆಯದು ತೋಳನ್ನು ಬೆಲ್ಟಿನ ಕಡೆಯಿಂದ ಪೆಟ್ಟಿಗೆಯ ಕಡೆಗೆ ಅಡ್ಡಲಾಗಿ ಸರಿಸುತ್ತದೆ. ಎರಡನೆಯದು ತೋಳಿನ ತುದಿಯನ್ನು ಇಳಿಸಿ ಏರಿಸುತ್ತದೆ. ಮೂರನೆಯದು ಗ್ರಿಪ್ಪರ್, ಎರಡು ಬೆರಳಿನ ಕೈ. ಕೆಲಸ ಎಂಟು ಹೆಜ್ಜೆಯದು: ಇಳಿ, ಹಿಡಿ, ಏರು, ಆಚೆ ಸರಿ, ಇಳಿ, ಬಿಡು, ಏರು, ಮರಳಿ ಬಾ.

ಈ ಎಂಟರಲ್ಲಿ ಅಪಾಯದ ಜಾಗಗಳು ಎರಡು. ತೋಳು ಪೂರ್ತಿ ಏರುವ ಮೊದಲೇ ಅಡ್ಡಕ್ಕೆ ಸರಿದರೆ ಹಿಡಿದ ಡಬ್ಬಿ ಬೆಲ್ಟಿನ ಕಂಬಿಗೆ ಬಡಿಯುತ್ತದೆ. ಬಿಟ್ಟು ಮರಳುವಾಗಲೂ ಹಾಗೆಯೇ, ಪೂರ್ತಿ ಏರದೆ ಹೊರಟರೆ ಪೆಟ್ಟಿಗೆಯನ್ನೇ ಎಳೆದುಕೊಂಡು ಬರುತ್ತದೆ. ಹಾಗಾಗಿ ಮೊದಲ ನಿಯಮ ಇದು: ‘ಮೇಲಿದ್ದೇನೆ’ ಎಂಬ ಸುದ್ದಿ ಬಾರದೆ ಅಡ್ಡ ಸಿಲಿಂಡರ್‌ಗೆ ಗಾಳಿ ಬಿಡಕೂಡದು. ಆಟೋದಲ್ಲಿ ನಡೆಯುವಾಗ ಮಾತ್ರವಲ್ಲ, ಕೈಯಿಂದ ಒಂದೊಂದೇ ಬಟನ್ ಒತ್ತಿ ನಡೆಸುವಾಗಲೂ ಈ ನಿಯಮ ಇರಬೇಕು. ನಾನು ಕಂಡ ಬಾಗಿದ ತೋಳುಗಳೆಲ್ಲ ಬಾಗಿದ್ದು ಕೈಯಿಂದ ನಡೆಸುವಾಗಲೇ.

ಆ ಸುದ್ದಿ ಕೊಡುವುದು ರೀಡ್ ಸ್ವಿಚ್. 1936ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಾಲ್ಟರ್ ಎಲ್‌ವುಡ್ ಎಂಬುವರು ರೂಪಿಸಿದ್ದು. ಗಾಜಿನ ಪುಟ್ಟ ನಳಿಗೆಯೊಳಗೆ ನಿಕ್ಕಲ್-ಕಬ್ಬಿಣದ ಎರಡು ತೆಳು ಎಲೆಗಳು, ನಡುವೆ ಕೂದಲೆಳೆಯಷ್ಟು ಸಂದು. ಆಯಸ್ಕಾಂತ ಹತ್ತಿರ ಬಂದರೆ ಎಲೆಗಳು ಕೂಡುತ್ತವೆ, ದೂರ ಹೋದರೆ ಬಿಡುತ್ತವೆ. ಗಾಳಿ ಸಿಲಿಂಡರ್‌ನ ಪಿಸ್ಟನ್‌ಗೆ ಒಂದು ಆಯಸ್ಕಾಂತದ ಉಂಗುರ ತೊಡಿಸಿರುತ್ತಾರೆ. ಹೊರಮೈ ಅಲ್ಯೂಮಿನಿಯಮ್ ಆದ್ದರಿಂದ ಆಯಸ್ಕಾಂತದ ಸೆಳೆತ ಅದನ್ನು ದಾಟಿ ಹೊರಗೆ ಬರುತ್ತದೆ. ಸಿಲಿಂಡರ್‌ನ ಎರಡೂ ತುದಿಗೆ ಒಂದೊಂದು ರೀಡ್ ಸ್ವಿಚ್ ಕಟ್ಟಿದರೆ ಪಿಸ್ಟನ್ ಯಾವ ತುದಿಯಲ್ಲಿದೆ ಎಂದು ಹೊರಗಿನಿಂದಲೇ ಗೊತ್ತಾಗುತ್ತದೆ.

ಕಟ್ಟುವುದಕ್ಕೂ ಒಂದು ಕ್ರಮ ಇದೆ. ಪಿಸ್ಟನ್ ತುದಿಗೆ ಬಂದು ನಿಂತಿರುವಾಗ ಸ್ವಿಚ್ಚನ್ನು ಮೈಮೇಲೆ ಮೆಲ್ಲಗೆ ಸರಿಸಬೇಕು. ದೀಪ ಹತ್ತಿದ ಜಾಗಕ್ಕೆ ಒಂದು ಗುರುತು, ಇನ್ನೂ ಸರಿಸಿ ದೀಪ ಆರಿದ ಜಾಗಕ್ಕೆ ಇನ್ನೊಂದು ಗುರುತು. ಎರಡರ ನಡುವೆ ಕೆಲವೇ ಮಿಲಿಮೀಟರ್ ಅಂತರ ಇರುತ್ತದೆ. ಸ್ವಿಚ್ ಕೂರಬೇಕಾದದ್ದು ಆ ನಟ್ಟನಡುವೆ. ದೀಪ ಹತ್ತಿದ ಕೂಡಲೇ ಸ್ಕ್ರೂ ಬಿಗಿದು ಎದ್ದರೆ ಅಂದು ಯಂತ್ರ ಓಡುತ್ತದೆ, ಆದರೆ ಅಂಚಿನಲ್ಲಿ ಕೂತ ಸ್ವಿಚ್ ಅದುರಿಗೆ ಎರಡು ಮಿಲಿಮೀಟರ್ ಜರುಗಿದರೂ ಕುರುಡಾಗುತ್ತದೆ. ನಡುವೆ ಕೂರಿಸಿದ ಮೇಲೆ ಸ್ವಿಚ್ಚಿಗೂ ಸಿಲಿಂಡರ್ ಮೈಗೂ ಸೇರಿಸಿ ಪೇಂಟ್ ಪೆನ್ನಿನಿಂದ ಒಂದು ಗೆರೆ ಎಳೆಯುತ್ತೇನೆ. ಮುಂದೊಂದು ದಿನ ಆ ಗೆರೆ ಮುರಿದು ಕಂಡರೆ, ಸ್ವಿಚ್ ಜರುಗಿದೆ ಎಂದು ಬೇರೆ ಯಾರೂ ಹೇಳಬೇಕಿಲ್ಲ.

ಟಿಕ್ ಎಂದರೆ ನಡೆಯಿತು ಅಂತಲ್ಲ

ಗಾಳಿ ಯಾವ ಕಡೆ ಹೋಗಬೇಕು ಎಂದು ತಿರುಗಿಸುವುದು ಸೊಲೆನಾಯ್ಡ್ ವಾಲ್ವ್. ಪಿಎಲ್‌ಸಿ, ಅಂದರೆ ಯಂತ್ರ ನಡೆಸುವ ಕಂಟ್ರೋಲರ್, ಅದರ ಕಾಯಿಲಿಗೆ 24 ವೋಲ್ಟ್ ಕೊಡುತ್ತದೆ. ವಾಲ್ವ್ ಟಿಕ್ ಎನ್ನುತ್ತದೆ, ಅದರ ದೀಪ ಹತ್ತುತ್ತದೆ. ಇಷ್ಟಾದರೆ ವಾಲ್ವ್ ಕೆಲಸ ಮಾಡಿತು ಎಂದು ಎಲ್ಲರೂ ನಂಬುತ್ತಾರೆ.

ಮುಂಡರಗಿಯ ಕಡೆಯ ಒಂದು ಘಟಕದಿಂದ ಒಮ್ಮೆ ಫೋನ್ ಬಂತು. “ವಾಲ್ವ್ ಟಿಕ್ ಅಂತೈತ್ರಿ, ಲೈಟೂ ಹತ್ತತೈತ್ರಿ. ಆದ್ರ ಸಿಲಿಂಡರ್ ಜಾಗಾ ಬಿಟ್ಟು ಅಲಗಾಡವಲ್ದು ನೋಡ್ರಿ. ಎರಡು ವಾಲ್ವ್ ಬದಲಿ ಮಾಡಿದ್ವಿ, ಅದ ಕತಿ.”

ಹೋಗಿ ನೋಡಿದೆ. ಕಂಪ್ರೆಸರ್ ಹತ್ತಿರದ ಮೀಟರ್ 6 ಬಾರ್ ತೋರಿಸುತ್ತಿತ್ತು. ಯಂತ್ರದ ಹತ್ತಿರದ ಮೀಟರನ್ನು ಯಾರೂ ನೋಡಿರಲಿಲ್ಲ. ಅದರ ಮುಂದೆ ನಿಂತೆ. ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಪಕ್ಕದ ಕೋಣೆಯಲ್ಲಿ ಒಬ್ಬರು ಗಾಳಿಯ ಗನ್ ಹಿಡಿದು ಚೀಲ ಝಾಡಿಸತೊಡಗಿದರು. ಮುಳ್ಳು 6ರಿಂದ 2ಕ್ಕೆ ಬಿತ್ತು. ಅದೇ ಗಳಿಗೆಗೆ ಯಂತ್ರದ ಸರದಿ ಬಂತು. ಟಿಕ್ ಎಂದಿತು, ದೀಪ ಹತ್ತಿತು, ತೋಳು ಮಾತ್ರ ಕದಲಲಿಲ್ಲ.

ಇಂಥ ವಾಲ್ವಿನಲ್ಲಿ ಕಾಯಿಲ್ ಎತ್ತುವುದು ಒಂದು ಸಣ್ಣ ಮುಚ್ಚಳವನ್ನು ಮಾತ್ರ. ಆ ಸಂದಿನಿಂದ ನುಗ್ಗಿದ ಗಾಳಿಯೇ ಒಳಗಿನ ದೊಡ್ಡ ಸ್ಪೂಲನ್ನು ತಳ್ಳಬೇಕು. ತಳ್ಳಲು ಕನಿಷ್ಠ ಒತ್ತಡ ಬೇಕು, ಸಾಮಾನ್ಯವಾಗಿ 1.5ರಿಂದ 2.5 ಬಾರ್. ಎಷ್ಟೆಂದು ಆಯಾ ವಾಲ್ವಿನ ಮೈಮೇಲೋ ಕೈಪಿಡಿಯಲ್ಲೋ ಬರೆದಿರುತ್ತದೆ. ಅದಕ್ಕಿಂತ ಕಡಿಮೆಯಾದರೆ ಕಾಯಿಲ್ ತನ್ನ ಕೆಲಸ ಮಾಡಿ ಟಿಕ್ ಎನ್ನುತ್ತದೆ, ಸ್ಪೂಲ್ ಮಾತ್ರ ಅಲ್ಲೇ ಇರುತ್ತದೆ. ಆ ಘಟಕದಲ್ಲಿ ಕೆಟ್ಟ ವಾಲ್ವ್ ಒಂದೂ ಇರಲಿಲ್ಲ. ಬದಲಿಸಿ ಬಿಸಾಕಿದ್ದ ಎರಡೂ ಒಳ್ಳೆಯವೇ. ಗನ್ನಿಗೆ ಬೇರೆ ಪೈಪ್ ಎಳೆದು, ಯಂತ್ರದ ಪಕ್ಕ ಒಂದು ಸಣ್ಣ ಗಾಳಿ ಟ್ಯಾಂಕು ಇಟ್ಟ ಮೇಲೆ ತೊಂದರೆ ಹೋಯಿತು.

ಹೀಗಾಗಿ ಟಿಕ್ ಸದ್ದಾಗಲಿ, ವಾಲ್ವಿನ ದೀಪವಾಗಲಿ ಸಾಕ್ಷಿಯಲ್ಲ. ಅವು ಆಜ್ಞೆ ಹೊರಟಿದ್ದಕ್ಕೆ ರಸೀದಿ ಅಷ್ಟೇ. ತೋಳು ಹೊರಟಿತು ಎನ್ನಲು ಹೊರಟ ತುದಿಯ ರೀಡ್ ಸ್ವಿಚ್ ಆರಬೇಕು, ಮುಟ್ಟಿತು ಎನ್ನಲು ಎದುರು ತುದಿಯ ಸ್ವಿಚ್ ಹತ್ತಬೇಕು.

ಗಡಿಯಾರದ ಕೆಲಸ

ಹಳೆಯ ಯಂತ್ರಗಳಲ್ಲಿ, ಅಗ್ಗಕ್ಕೆ ಕಟ್ಟಿಸಿದ ಹೊಸ ಯಂತ್ರಗಳಲ್ಲೂ, ಸ್ವಿಚ್ಚೇ ಇಲ್ಲದೆ ಬರೀ ಟೈಮರ್ ಮೇಲೆ ನಡೆಸುತ್ತಾರೆ. ಇಳಿಯಲು ಒಂದು ಸೆಕೆಂಡ್ ಕೊಡು, ಆಮೇಲೆ ಹಿಡಿ, ಅರ್ಧ ಸೆಕೆಂಡ್ ಬಿಟ್ಟು ಏರು. ಹೊಸದಿರುವಾಗ ಸೊಗಸಾಗಿ ಓಡುತ್ತದೆ. ಒಂದು ದಿನ ಇಳಿಯಲು ಒಂದೂಕಾಲು ಸೆಕೆಂಡ್ ಹಿಡಿದರೆ ಬೆರಳು ಗಾಳಿಯನ್ನೇ ಹಿಡಿದು ಏರುತ್ತದೆ, ಪೆಟ್ಟಿಗೆಯಲ್ಲಿ ಒಂದು ಡಬ್ಬಿ ಕಡಿಮೆ. ಏರಲು ತಡವಾದರೆ ಡಬ್ಬಿ ಒಡೆಯುತ್ತದೆ. ಇಲ್ಲಿ ಗಡಿಯಾರಕ್ಕೆ ಅದರದಲ್ಲದ ಕೆಲಸ ಕೊಟ್ಟಿದ್ದಾರೆ. ಗಡಿಯಾರ ಯಂತ್ರವನ್ನು ಮುಂದೆ ನಡೆಸಬಾರದು. ಮುಂದೆ ನಡೆಸುವುದು ಸ್ವಿಚ್ಚಿನ ಕೆಲಸ. ಗಡಿಯಾರ ಪಕ್ಕದಲ್ಲಿ ನಿಂತು, ಇಷ್ಟು ಹೊತ್ತಾದರೂ ಸುದ್ದಿ ಬರಲಿಲ್ಲವಲ್ಲ ಎಂದು ಕೂಗಬೇಕು.

ಇಳಿಯುವ ಮೊದಲ ಹೆಜ್ಜೆಯನ್ನು ಪಿಎಲ್‌ಸಿಯಲ್ಲಿ ಹೀಗೆ ಬರೆಯಬಹುದು:

```
T1(IN := (Step = 1), PT := T#1500ms);
IF Step = 1 THEN
  IF B_Down AND NOT B_Up THEN
    LastDown := T1.ET;
    Step := 2;
  ELSIF T1.Q THEN
    FaultStep := 1;
    Step := 99;
  END_IF;
END_IF;
```

ಕೆಳಗಿನ ಸ್ವಿಚ್ ಹತ್ತಿ, ಮೇಲಿನ ಸ್ವಿಚ್ ಆರಿದ್ದರೆ ಮಾತ್ರ ಎರಡನೇ ಹೆಜ್ಜೆಗೆ ಹೋಗು. ಒಂದೂವರೆ ಸೆಕೆಂಡ್ ಕಳೆದರೂ ಹಾಗಾಗದಿದ್ದರೆ ಎಲ್ಲಿ ನಿಂತೆ ಎಂದು ಬರೆದಿಟ್ಟು 99ನೇ ಹೆಜ್ಜೆಗೆ ಹೋಗು. 99ರಲ್ಲಿ ಹೊಸ ಆಜ್ಞೆ ಇಲ್ಲ, ವಾಲ್ವ್‌ಗಳು ಇದ್ದಂತೆಯೇ ಇರುತ್ತವೆ, ಹಿಡಿದ ಡಬ್ಬಿಯನ್ನು ಕೈ ಬಿಡುವುದಿಲ್ಲ. ನಡುವೆ ಇರುವ `LastDown` ಎಂಬ ಒಂದು ಸಾಲಿನ ಮಹತ್ವ ಮುಂದೆ ಗೊತ್ತಾಗುತ್ತದೆ. ಈ ಸಲ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಎಂದು ಅದು ಬರೆದಿಡುತ್ತದೆ.

ಯಂತ್ರ ಹೀಗೆ ನಿಂತಾಗ ಮೊದಲು ನೋಡಬೇಕಾದದ್ದು ಎರಡು ಸ್ವಿಚ್‌ಗಳ ದೀಪ. ಅವು ನಾಲ್ಕು ರೀತಿ ಇರಬಹುದು, ಒಂದೊಂದೂ ಒಂದೊಂದು ಕಡೆ ಬೆರಳು ತೋರಿಸುತ್ತದೆ.

ಮೇಲಿನದು ಇನ್ನೂ ಹತ್ತೇ ಇದ್ದರೆ ತೋಳು ಹೊರಟೇ ಇಲ್ಲ. ವಾಲ್ವ್, ಕಾಯಿಲ್ ವೈರ್, ಗಾಳಿಯ ಒತ್ತಡ ನೋಡಬೇಕು. ಆಗ ವಾಲ್ವಿನ ಮೇಲಿರುವ ಸಣ್ಣ ಕೈಗುಂಡಿ ನೆರವಿಗೆ ಬರುತ್ತದೆ. ಎಲ್ಲರ ಕೈ ದೂರ ಇರುವುದನ್ನು ಖಾತ್ರಿ ಮಾಡಿಕೊಂಡು ಅದನ್ನು ಒತ್ತಿದಾಗ ತೋಳು ನಡೆದರೆ ಗಾಳಿ ಮತ್ತು ಸ್ಪೂಲ್ ಸರಿ ಇವೆ, ತಪ್ಪು ವಿದ್ಯುತ್ತಿನ ಕಡೆ. ನಡೆಯದಿದ್ದರೆ ಗಾಳಿಯಲ್ಲೋ ಸ್ಪೂಲಿನಲ್ಲೋ ತಪ್ಪು.

ಎರಡೂ ಆರಿದ್ದರೆ ಎರಡು ಸಾಧ್ಯತೆ. ತೋಳು ನಡುವೆ ಸಿಕ್ಕಿಕೊಂಡಿರಬೇಕು, ಇಲ್ಲವೇ ತುದಿ ಮುಟ್ಟಿದ್ದರೂ ಕೆಳಗಿನ ಸ್ವಿಚ್ಚಿಗೆ ಕಂಡಿರಬಾರದು. ಇದನ್ನು ತೋಳನ್ನು ಕಣ್ಣಾರೆ ನೋಡಿಯೇ ತೀರ್ಮಾನಿಸಬೇಕು.

ಕೆಳಗಿನದು ಹತ್ತಿ ಮೇಲಿನದು ಆರಿದ್ದರೂ ಯಂತ್ರ ಮುಂದೆ ಹೋಗದಿದ್ದರೆ, ಸ್ವಿಚ್ ಹೇಳಿದ್ದು ಪಿಎಲ್‌ಸಿಗೆ ಕೇಳಿಸುತ್ತಿಲ್ಲ. ಸ್ವಿಚ್ಚಿನ ದೀಪದ ಜೊತೆ ಪಿಎಲ್‌ಸಿಯ ಇನ್‌ಪುಟ್ ದೀಪವನ್ನೂ ನೋಡಬೇಕು. ತೋಳಿನೊಂದಿಗೆ ದಿನಕ್ಕೆ ಸಾವಿರಾರು ಸಲ ಬಾಗುವ ವೈರ್ ಒಳಗೇ ತುಂಡಾಗುವುದು ಹೆಚ್ಚು.

ಎರಡೂ ಹತ್ತಿದ್ದರೆ ಒಂದು ಸ್ವಿಚ್ ಸುಳ್ಳು ಹೇಳುತ್ತಿದೆ. ಒಂದೇ ಪಿಸ್ಟನ್ ಎರಡು ತುದಿಯಲ್ಲಿ ಇರಲಾರದು. ಸ್ವಿಚ್ಚಿಗೆ ಅದರ ಯೋಗ್ಯತೆ ಮೀರಿದ ಕರೆಂಟ್ ಹರಿಸಿದ್ದರೆ, ಉದಾಹರಣೆಗೆ ಅದರಿಂದಲೇ ನೇರವಾಗಿ ಒಂದು ಕಾಯಿಲನ್ನು ನಡೆಸಿದ್ದರೆ, ಒಳಗಿನ ಎಲೆಗಳು ಕಿಡಿಗೆ ಬೆಸೆದುಕೊಂಡು ಬಿಡುವುದೇ ಇಲ್ಲ.

ಇದಕ್ಕೆ ಇನ್ನೊಂದು ಕಾರಣವನ್ನು ನಾನು ಶಿರಹಟ್ಟಿಯ ಕಡೆಯ ಒಂದು ಘಟಕದಲ್ಲಿ ಕಂಡೆ. ಮೇಲಿನ ಸ್ವಿಚ್ಚಿನ ಮೇಲೆ ಹಳೆಯ ರೇಡಿಯೊ ಸ್ಪೀಕರಿನ ಆಯಸ್ಕಾಂತದ ತುಂಡೊಂದನ್ನು ಟೇಪು ಸುತ್ತಿ ಕಟ್ಟಿದ್ದರು. ಯಂತ್ರ ಮೇಲಿಂದ ಮೇಲೆ ನಿಲ್ಲುತ್ತಿತ್ತು, ಆಯಸ್ಕಾಂತ ಕಟ್ಟಿದ ಮೇಲೆ ನಿಲ್ಲುವುದು ಬಿಟ್ಟಿತ್ತು. ತೋಳು ಎಲ್ಲಿದ್ದರೂ ‘ಮೇಲಿದ್ದೇನೆ’ ಎಂಬ ಸುದ್ದಿ ಹೋಗುತ್ತಿತ್ತು. ಮೂರನೆಯ ದಿನ ತೋಳು ಕೆಳಗಿರುವಾಗಲೇ ಅಡ್ಡಕ್ಕೆ ಸರಿದು ಬೆಲ್ಟಿನ ಕಂಬಿ ಬಾಗಿತು. ಆ ಯಂತ್ರದ ಪ್ರೋಗ್ರಾಮಿನಲ್ಲಿ `AND NOT B_Up` ಎಂಬ ಮೂರು ಪದ ಇದ್ದಿದ್ದರೆ, ಆಯಸ್ಕಾಂತ ಕಟ್ಟಿದ ಮೇಲಿನ ಮೊದಲ ಇಳಿತದಲ್ಲೇ ಅದು ಸಿಕ್ಕಿಬೀಳುತ್ತಿತ್ತು. ಸ್ವಿಚ್ ಹತ್ತಬೇಕಾದಾಗ ಹತ್ತಿತೇ ಎಂದಷ್ಟೇ ಕೇಳಿದರೆ ಸಾಲದು. ಆರಬೇಕಾದಾಗ ಆರಿತೇ ಎಂದೂ ಕೇಳಬೇಕು.

ಗ್ರಿಪ್ಪರ್ ವಿಷಯದಲ್ಲಿ ಮಾತ್ರ ಲೆಕ್ಕ ತಿರುವುಮುರುವು. ಡಬ್ಬಿಯನ್ನು ಹಿಡಿದ ಬೆರಳು ಪೂರ್ತಿ ಮುಚ್ಚಲಾರದು, ಡಬ್ಬಿಯ ಅಗಲಕ್ಕೆ ನಿಲ್ಲುತ್ತದೆ. ಪೂರ್ತಿ ಮುಚ್ಚಿದ ಸ್ವಿಚ್ ಹತ್ತಿತೆಂದರೆ ಕೈ ಖಾಲಿ. ಆದ್ದರಿಂದ ಹಿಡಿಯುವ ಹೆಜ್ಜೆಯಲ್ಲಿ ‘ತೆರೆದ’ ಸ್ವಿಚ್ ಆರಿ, ‘ಮುಚ್ಚಿದ’ ಸ್ವಿಚ್ಚೂ ಹತ್ತದೆ ಸ್ವಲ್ಪ ಹೊತ್ತು ಕಳೆದರೆ ಆಗ ಡಬ್ಬಿ ಸಿಕ್ಕಿದೆ ಎಂದು ಮುಂದೆ ಹೋಗಬೇಕು. ಯಂತ್ರದಲ್ಲಿ ಗಡಿಯಾರಕ್ಕೆ ಮುಂದೆ ನಡೆಸುವ ಅಧಿಕಾರ ಕೊಡುವುದು ಇದೊಂದೇ ಕಡೆ, ಅದೂ ಎರಡು ಸ್ವಿಚ್ಚಿನ ಸಾಕ್ಷಿ ಇಟ್ಟುಕೊಂಡು.

ಲಕ್ಷ್ಮೇಶ್ವರದ ಕೆಂಪು ಸೈಲೆನ್ಸರ್

ಲಕ್ಷ್ಮೇಶ್ವರದ ಆ ಖಾರದ ಪುಡಿ ಘಟಕದ ಯಂತ್ರದಲ್ಲಿ ಮೇಲೆ ಹೇಳಿದ್ದೆಲ್ಲ ಇತ್ತು. ಇಳಿಯುವ ಸಿಲಿಂಡರ್‌ನ ಒಳ ಅಗಲ 25 ಮಿಲಿಮೀಟರ್, ಓಟ 100 ಮಿಲಿಮೀಟರ್. ಹೊಸದರಲ್ಲಿ ಇಳಿಯಲು ಅರ್ಧ ಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಒಂದೂವರೆ ಸೆಕೆಂಡಿಗೆ ಯಂತ್ರ ನಿಲ್ಲಬೇಕೆಂದು ಹೊಂದಿಸಿ ಬಂದಿದ್ದೆ.

ಏಳೆಂಟು ತಿಂಗಳ ನಂತರ ಕರೆ ಬಂತು. ಮೊದಲು ದಿನಕ್ಕೆ ಒಂದೆರಡು ಸಲ ‘ಹೆಜ್ಜೆ 1’ ಎಂದು ತೋರಿಸಿ ನಿಲ್ಲುತ್ತಿತ್ತಂತೆ. ರೀಸೆಟ್ ಒತ್ತಿದರೆ ಓಡುತ್ತಿತ್ತು. ಆಮೇಲೆ ಗಂಟೆಗೆ ನಾಲ್ಕು ಸಲ. ಬೇಸತ್ತು ಯಾರೋ ಒಂದೂವರೆಯನ್ನು ಮೂರು ಸೆಕೆಂಡಿಗೆ ಏರಿಸಿದ್ದರು. ನಿಲ್ಲುವುದು ತಪ್ಪಿತು, ಇಳಿತ ಮಾತ್ರ ನಿಧಾನವಾಗಿಯೇ ಉಳಿಯಿತು. ಯಂತ್ರ ನೋಡಿಕೊಳ್ಳುವ ಅಕ್ಕ ನನ್ನನ್ನು ಕಂಡೊಡನೆ ಹೇಳಿದರು: “ಮೊದ್ಲಿನ ಹಂಗ ಇಲ್ರಿ ಅಣ್ಣಾರ. ಇಳಿಯೋವಾಗ ತೇಕು ಹತ್ತಿದವ್ರಂಗ ಇಳಿತೈತಿ. ಏರೋವಾಗ ಮಾತ್ರ ಚುರುಕ ಐತಿ.”

ಅರ್ಧ ರೋಗ ಅವರೇ ಪತ್ತೆ ಹಚ್ಚಿದ್ದರು. ಪರದೆಯಲ್ಲಿ `LastDown` ತೆಗೆದು ಇಪ್ಪತ್ತು ಸಲ ನೋಡಿದೆ. 1.4, 1.6, 1.5, 1.7. ಏರುವ ಸಮಯ ಮಾತ್ರ ಹಿಂದಿನಂತೆ ಅರ್ಧ ಸೆಕೆಂಡಿನ ಆಸುಪಾಸು. ಹಳೆಯ ಮಿತಿ ಒಂದೂವರೆ ಇದ್ದಾಗ ಕೆಲವು ಸಲ ಓಡಿ ಕೆಲವು ಸಲ ನಿಲ್ಲುತ್ತಿದ್ದುದು ಏಕೆಂದು ಇದರಿಂದಲೇ ತಿಳಿಯುತ್ತದೆ. ಸಮಯ ಮಿತಿಯ ಆಚೀಚೆ ತೂಗಾಡುತ್ತಿತ್ತು. ‘ಒಮ್ಮೊಮ್ಮೆ ಬರುವ ತೊಂದರೆ’ ಎಂದು ಕಂಡದ್ದು ನಿಜಕ್ಕೂ ಪ್ರತಿ ಸಲವೂ ಇದ್ದ ತೊಂದರೆ.

ಇಳಿತ ಮಾತ್ರ ನಿಧಾನ ಎಂಬ ಒಂದೇ ಸಂಗತಿ ಎಷ್ಟೋ ಅನುಮಾನಗಳನ್ನು ತಳ್ಳಿಹಾಕುತ್ತದೆ. ಕಂಪ್ರೆಸರ್ ಒತ್ತಡ ಕಡಿಮೆಯಾಗಿದ್ದರೆ ಏರುವುದೂ ನಿಧಾನವಾಗಬೇಕಿತ್ತು, ಭಾರ ಎತ್ತುವುದು ಆಗಲೇ ಅಲ್ಲವೇ. ಸಿಲಿಂಡರ್‌ನ ಸೀಲ್ ಊದಿದ್ದರೆ, ರಾಡ್ ಬಾಗಿದ್ದರೆ ಎರಡೂ ಕಡೆ ಬಿಗಿ ಕಾಣಬೇಕಿತ್ತು. ಯಂತ್ರದ ಮೀಟರ್ 5.5 ಬಾರ್ ತೋರಿಸುತ್ತಿತ್ತು, ತೋಳು ನಡೆಯುವಾಗಲೂ ಮುಳ್ಳು ಬೀಳುತ್ತಿರಲಿಲ್ಲ.

ಹಾಗಾದರೆ ಇಳಿಯುವಾಗ ಮಾತ್ರ ಬಳಕೆಯಾಗುವ ದಾರಿ ಯಾವುದು? ಪಿಸ್ಟನ್ ಇಳಿಯಬೇಕಾದರೆ ಮೇಲಿನ ಕೋಣೆಗೆ ಗಾಳಿ ಬಂದರಷ್ಟೇ ಸಾಲದು, ಕೆಳಗಿನ ಕೋಣೆಯ ಗಾಳಿ ಹೊರಗೆ ಹೋಗಬೇಕು. ತುಂಬಿದ ಬಸ್ಸಿನಲ್ಲಿ ಇಳಿಯುವವರು ಇಳಿಯದೆ ಹತ್ತುವವರು ಹತ್ತಲಾರರು. ನಾವು ಬಳಸುವ ವಾಲ್ವಿನಲ್ಲಿ ಐದು ಬಾಯಿ. 1ರಲ್ಲಿ ಗಾಳಿ ಬರುತ್ತದೆ, 4 ಮತ್ತು 2 ಸಿಲಿಂಡರ್‌ನ ಎರಡು ತುದಿಗೆ ಹೋಗುತ್ತವೆ, 5 ಮತ್ತು 3 ಹೊರಗೆ ಬಿಡುವ ಬಾಯಿಗಳು. ಇಲ್ಲಿ ಇಳಿಯುವಾಗ ಗಾಳಿ 4ರಿಂದ ಹೋಗಿ, ಕೆಳಗಿನ ಕೋಣೆಯ ಗಾಳಿ 2ರಿಂದ ಒಳಬಂದು 3ರಿಂದ ಹೊರಬೀಳಬೇಕು. ಏರುವಾಗ ಹೊರಬೀಳುವುದು 5ರಿಂದ. ಅಂದರೆ ಹುಡುಕಬೇಕಾದದ್ದು ಕೆಳಗಿನ ಕೋಣೆಯಿಂದ 3ನೇ ಬಾಯಿಯವರೆಗಿನ ಒಂದು ಗೇಣು ದಾರಿಯನ್ನು ಮಾತ್ರ.

ಆ ದಾರಿಯಲ್ಲಿ ಮೊದಲು ವೇಗ ಹೊಂದಿಸುವ ಸ್ಕ್ರೂ. ಅದರ ಪೇಂಟ್ ಗೆರೆ ಹಾಗೇ ಇತ್ತು, ಯಾರೂ ತಿರುಗಿಸಿಲ್ಲ. ನಳಿಗೆ ಎಲ್ಲೂ ಮಡಚಿರಲಿಲ್ಲ. ಕೊನೆಗೆ 3ನೇ ಬಾಯಿಯ ಸೈಲೆನ್ಸರ್, ಹೊರಬೀಳುವ ಗಾಳಿಯ ಸದ್ದು ತಗ್ಗಿಸಲು ಹಾಕುವ ಹೆಬ್ಬೆರಳಿನಷ್ಟು ದಪ್ಪದ ಕಂಚಿನ ಪುಡಿಯ ಬಿರಡೆ. ಗಾಳಿ ಬಂದ್ ಮಾಡಿ, ಒಳಗಿದ್ದುದನ್ನು ಬಿಟ್ಟು, ಕನ್ನಡಕ ಹಾಕಿಕೊಂಡು ಅದನ್ನು ಬಿಚ್ಚಿದೆ. ಹಳದಿ ಬಣ್ಣದ ಕಂಚು ಕಾಣಲೇ ಇಲ್ಲ. ಮೇಲೆಲ್ಲ ಕೆಂಪು ಮೇಣದಂತೆ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದರೆ ಎಣ್ಣೆಯಲ್ಲಿ ಕಲಸಿದ ಖಾರದ ಪುಡಿ.

ಹೊಸ ಸೈಲೆನ್ಸರ್ ಹಾಕಿ ಓಡಿಸಿದೆ. `LastDown` 0.5ಕ್ಕೆ ಇಳಿಯಿತು.

ಎಣ್ಣೆ ಎಲ್ಲಿಂದ ಬಂತು? ಗಾಳಿಯ ದಾರಿಯಲ್ಲಿ ಫಿಲ್ಟರಿನ ಪಕ್ಕ ಎಣ್ಣೆ ತೊಟ್ಟಿಕ್ಕಿಸುವ ಬಟ್ಟಲೊಂದಿತ್ತು. ಯಂತ್ರಕ್ಕೆ ಒಳ್ಳೆಯದಾಗಲಿ ಎಂದು ಯಾರೋ ಅದರ ಸ್ಕ್ರೂವನ್ನು ಪೂರ್ತಿ ತೆರೆದಿದ್ದರು. ಆ ಎಣ್ಣೆ ಮಂಜಿನಂತೆ ಗಾಳಿಯೊಂದಿಗೆ ಸಾಗಿ ಸೈಲೆನ್ಸರಿನಲ್ಲಿ ಹೊರಬೀಳುತ್ತಿತ್ತು. ವಾಲ್ವ್ ಕೂತಿದ್ದದ್ದು ಪುಡಿ ತುಂಬುವ ಯಂತ್ರದ ಕೆಳಗೆ. ಹಾರಿದ ಪುಡಿ ಎಣ್ಣೆಗೆ ಅಂಟಿ ಪದರ ಪದರವಾಗಿ ಗಟ್ಟಿಯಾಯಿತು. 5ನೇ ಬಾಯಿ ಗೋಡೆಯ ಕಡೆ ಮುಖ ಮಾಡಿದ್ದರಿಂದ ಅಷ್ಟು ಕೆಟ್ಟಿರಲಿಲ್ಲ. ಏರುವುದು ಚುರುಕಾಗಿ ಉಳಿದದ್ದು ಅದಕ್ಕೇ.

ವಾಲ್ವ್‌ಗಳನ್ನು ಮುಚ್ಚಿದ ಡಬ್ಬದೊಳಗೆ ಕೂರಿಸಿ, ಹೊರಬೀಳುವ ಗಾಳಿಯನ್ನು ದಪ್ಪ ನಳಿಗೆಯಲ್ಲಿ ಕೋಣೆಯ ಆಚೆಗೆ ಒಯ್ದೆವು. ಎಣ್ಣೆಯನ್ನು ಪೂರ್ತಿ ನಿಲ್ಲಿಸುವಂತಿರಲಿಲ್ಲ. ಈಗಿನ ಸಿಲಿಂಡರ್‌ಗಳಿಗೆ ಕಾರ್ಖಾನೆಯಲ್ಲೇ ಗ್ರೀಸ್ ಹಚ್ಚಿರುತ್ತಾರೆ, ಎಣ್ಣೆ ಬೇಕಿಲ್ಲ. ಆದರೆ ಒಮ್ಮೆ ಎಣ್ಣೆ ಹರಿಸಿದರೆ ಅದು ಆ ಗ್ರೀಸನ್ನು ತೊಳೆದುಬಿಡುತ್ತದೆ, ಆಮೇಲೆ ಎಣ್ಣೆ ನಿಲ್ಲಿಸಿದರೆ ಸೀಲ್ ಒಣಗಿ ಸವೆಯುತ್ತದೆ. ಹಾಗಾಗಿ ತೊಟ್ಟುಗಳನ್ನು ಕಡಿಮೆ ಮಾಡಿ ಬಿಟ್ಟೆ.

ಮೂರು ಸೆಕೆಂಡಿನ ಮಿತಿಯನ್ನು ಮತ್ತೆ ಒಂದೂವರೆಗೆ ತಂದೆ. ಜೊತೆಗೆ 0.8 ಸೆಕೆಂಡಿಗೆ ಇನ್ನೊಂದು ಗಡಿ ಹಾಕಿದೆ. ಅದನ್ನು ದಾಟಿದರೆ ಯಂತ್ರ ನಿಲ್ಲುವುದಿಲ್ಲ, ಹಳದಿ ದೀಪ ಹತ್ತುತ್ತದೆ ಅಷ್ಟೇ. ಈ ಅಂಕಿಗಳನ್ನು ಊಹಿಸಿ ಹಾಕಿದ್ದಲ್ಲ. ಯಂತ್ರ ಸರಿ ಇರುವಾಗ ಐವತ್ತು ಸಲದ ಸಮಯ ಬರೆದುಕೊಂಡು, ಅದರಲ್ಲಿ ದೊಡ್ಡದನ್ನು ಹಿಡಿದು, ಅದಕ್ಕಿಂತ ಸಾಕಷ್ಟು ಮೇಲೆ ಹಳದಿ ಗಡಿ ಇಡಬೇಕು. ಬೆಳಗಿನ ಮೊದಲ ಕೆಲವು ಓಟಗಳನ್ನು ಸೇರಿಸಿಯೇ ಬರೆದುಕೊಳ್ಳಬೇಕು. ರಾತ್ರಿಯೆಲ್ಲ ನಿಂತ ಸೀಲ್ ಸಿಲಿಂಡರ್ ಗೋಡೆಗೆ ಅಂಟಿರುತ್ತದೆ, ಮೊದಲ ಓಟ ಯಾವಾಗಲೂ ತಡ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ದಿನಾ ಬೆಳಿಗ್ಗೆ ಸುಳ್ಳು ಕೂಗು ಎದ್ದು, ಕೊನೆಗೆ ಯಾರೂ ಕಿವಿಗೊಡದಂತಾಗುತ್ತದೆ.

ನಿಂತ ತೋಳಿಗೆ ಕೈ ಹಾಕುವ ಮುನ್ನ

ಈ ಮಾತನ್ನು ನಾನು ಹೋದಲ್ಲೆಲ್ಲ ಎರಡು ಸಲ ಹೇಳುತ್ತೇನೆ. ಸಿಕ್ಕಿಕೊಂಡು ನಿಂತ ಸಿಲಿಂಡರ್ ಸುಮ್ಮನಿರುವ ಸಿಲಿಂಡರ್ ಅಲ್ಲ. 25 ಮಿಲಿಮೀಟರಿನ ಪಿಸ್ಟನ್ 5.5 ಬಾರ್ ಗಾಳಿಯಲ್ಲಿ ಸುಮಾರು 27 ಕಿಲೋ ತೂಕದಷ್ಟು ಬಲದಿಂದ ಒತ್ತುತ್ತಲೇ ಇರುತ್ತದೆ. ಅಡ್ಡ ಬಂದ ರಟ್ಟನ್ನು ಬೆರಳಿನಿಂದ ಎಳೆದೊಡನೆ ಅಷ್ಟೂ ಬಲ ಬೆರಳಿನ ಮೇಲೆ ಬರುತ್ತದೆ. ತುರ್ತು ಬಟನ್ ಒತ್ತಿದರೆ ಕರೆಂಟ್ ಹೋಗುತ್ತದೆ, ಗಾಳಿ ಹೋಗದಿರಬಹುದು. ಮುಖ್ಯ ವಾಲ್ವ್ ಮುಚ್ಚಿ, ಒಳಗಿನ ಗಾಳಿಯನ್ನು ಹೊರಗೆ ಬಿಟ್ಟು, ಮೀಟರ್ ಸೊನ್ನೆಗೆ ಬಂದದ್ದನ್ನು ನೋಡಿ, ಎತ್ತಿದ ತೋಳಿಗೆ ಒಂದು ಕಟ್ಟಿಗೆಯ ಆಸರೆ ಕೊಟ್ಟ ಮೇಲೆಯೇ ಕೈ ಹಾಕಬೇಕು. ಗಾಳಿ ಹೋದ ತೋಳು ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ.

ಇನ್ನೊಂದು ಅಪಾಯ ಗಾಳಿ ಮತ್ತೆ ಕೊಡುವಾಗ ಬರುತ್ತದೆ. ಸಿಲಿಂಡರ್‌ನ ವೇಗವನ್ನು ನಾವು ಹೊಂದಿಸಿರುವುದು ಹೊರಹೋಗುವ ಗಾಳಿಯನ್ನು ಹಿಡಿದು. ಗಾಳಿಯೆಲ್ಲ ಖಾಲಿ ಮಾಡಿದ ಮೇಲೆ ಹೊರಹೋಗಲು ಏನೂ ಉಳಿದಿರುವುದಿಲ್ಲ, ಹಿಡಿಯಲೂ ಏನಿಲ್ಲ. ಆ ಮೊದಲ ಓಟದಲ್ಲಿ ತೋಳು ಕವಣೆ ಕಲ್ಲಿನಂತೆ ಹಾರುತ್ತದೆ. ಒತ್ತಡವನ್ನು ಮೆಲ್ಲಗೆ ಏರಿಸುವ ಸಾಫ್ಟ್ ಸ್ಟಾರ್ಟ್ ವಾಲ್ವನ್ನು ಮುಖ್ಯ ಪೈಪಿಗೆ ಹಾಕಿಸಿದರೆ ಇದು ತಪ್ಪುತ್ತದೆ. ಅದು ಇಲ್ಲದ ಯಂತ್ರದಲ್ಲಿ ರೆಗ್ಯುಲೇಟರನ್ನು ಪೂರ್ತಿ ಇಳಿಸಿಟ್ಟು, ಗಾಳಿ ಕೊಟ್ಟು, ಎಲ್ಲರನ್ನೂ ದೂರ ನಿಲ್ಲಿಸಿ ನಿಧಾನವಾಗಿ ಏರಿಸಬೇಕು.

ಕರೆಂಟ್ ಹೋಗಿ ಬರುವ ನಮ್ಮ ಕಡೆ ಗ್ರಿಪ್ಪರಿಗೆ ಎರಡು ಕಾಯಿಲಿನ ವಾಲ್ವನ್ನೇ ಹಾಕಬೇಕು. ಅದು ಕರೆಂಟ್ ಹೋದರೂ ಕೊನೆಗೆ ಇದ್ದ ಕಡೆಯೇ ನಿಲ್ಲುತ್ತದೆ, ಹಿಡಿದ ಡಬ್ಬಿ ಬೀಳುವುದಿಲ್ಲ. ಒಂದು ಕಾಯಿಲು, ಒಂದು ಸ್ಪ್ರಿಂಗಿನ ವಾಲ್ವ್ ಹಾಕಿದರೆ ಕರೆಂಟ್ ಹೋದ ಕ್ಷಣ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳಿ ಕೈ ಬಿಡಿಸುತ್ತದೆ.

ಲಕ್ಷ್ಮೇಶ್ವರಕ್ಕೆ ಆಮೇಲೆ ಹೋದಾಗ ಪ್ಯಾನೆಲಿನ ಬಾಗಿಲ ಒಳಗೆ ಒಂದು ಇನ್ನೂರು ಪುಟದ ನೋಟ್‌ಬುಕ್ಕನ್ನು ದಾರದಲ್ಲಿ ನೇತುಹಾಕಿದ್ದರು. ಆ ಅಕ್ಕನೇ ಶುರು ಮಾಡಿದ್ದು. ದಿನಾ ಯಂತ್ರ ಓಡಲು ಶುರುವಾಗಿ ಅರ್ಧ ಗಂಟೆಯಾದ ಮೇಲೆ ಪರದೆಯಿಂದ ಎಂಟು ಹೆಜ್ಜೆಯ ಎಂಟು ಸಮಯವನ್ನು ಒಂದು ಸಾಲಿನಲ್ಲಿ ಬರೆಯುತ್ತಾರೆ. ಇಳಿತದ ಸಾಲಿನ ಮೇಲೆ ಬೆರಳು ಆಡಿಸುತ್ತ ಬಂದೆ. 0.50, 0.51, 0.50, ವಾರಗಟ್ಟಲೆ ಹಾಗೇ. ಕೊನೆಯ ಪುಟದಲ್ಲಿ ಅಡ್ಡಕ್ಕೆ ಸರಿಯುವ ನಾಲ್ಕನೇ ಹೆಜ್ಜೆಯ ಅಂಕಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು. ಅದು 0.90 ಇದ್ದದ್ದು ಹದಿನೈದು ದಿನದಲ್ಲಿ 1.05ಕ್ಕೆ ಬಂದಿತ್ತು.

“ನಿಂತಿಲ್ರಿ, ಹಳದಿ ಲೈಟೂ ಹತ್ತಿಲ್ಲ. ಆದ್ರ ಸರಿಯಾಕ ಹತ್ತೈತಿ ಅಂತ ಅನಿಸ್ತು, ಅದಕ್ಕ ನಿಮಗ ಫೋನ್ ಮಾಡಿದೆ,” ಎಂದರು. ಗಾಳಿ ಬಂದ್ ಮಾಡಿ ಅಡ್ಡ ತೋಳು ಓಡುವ ದಂಡಿಗೆಯನ್ನು ಒರೆಸಿದೆ. ಬಿಳಿ ಬಟ್ಟೆಯ ಮೇಲೆ ಕೆಂಪು ಪಟ್ಟಿ ಮೂಡಿತು.